ವಿಡಿಯೋ ಮೇಲೆ ಕಾಪಿರೈಟ್ ಕ್ಲೈಮು ಬಂದಾಗ: ಯಾರಿಗೆ ಕಾಣುತ್ತದೆ, ಯಾರಿಗೆ ಕಾಣುವುದಿಲ್ಲ?

ಹಾಸನದ ಹತ್ತಿರ ನಡೆದ ಒಂದು ಮದುವೆಯ ವಿಡಿಯೋವನ್ನು ಸಂಕಲನ ಮಾಡಿ, ಆ ಮನೆಯವರ ಯೂಟ್ಯೂಬ್ ಚಾನೆಲ್‌ಗೆ ನಾನೇ ಏರಿಸಿ ಕೊಟ್ಟಿದ್ದೆ. ಒಟ್ಟು 18 ನಿಮಿಷ 40 ಸೆಕೆಂಡಿನ ವಿಡಿಯೋ. ಲಿಂಕ್ ಕಳುಹಿಸಿದ ಮಾರನೆಯ ಬೆಳಗ್ಗೆ ಮದುಮಗಳ ತಂದೆ ಕರೆ ಮಾಡಿದರು. "ನಮಗೆಲ್ಲ ಚೆನ್ನಾಗಿಯೇ ಕಾಣಿಸುತ್ತಿದೆ ಸಾರ್. ಮ್ಯೂನಿಕ್‌ನಲ್ಲಿರುವ ನನ್ನ ತಂಗಿಗೆ ಮಾತ್ರ ಕಪ್ಪು ಪರದೆ ಬರುತ್ತಿದೆಯಂತೆ. ಲಿಂಕ್ ಸರಿಯಾಗಿದೆಯಾ?"

ಲಿಂಕ್ ಸರಿಯಾಗಿಯೇ ಇತ್ತು. ಅವರ ಇಮೇಲ್‌ಗೆ ಹಿಂದಿನ ರಾತ್ರಿಯೇ ಯೂಟ್ಯೂಬ್‌ನಿಂದ ಒಂದು ಸೂಚನೆ ಬಂದು ಕುಳಿತಿತ್ತು. ಅವರು ಅದನ್ನು ತೆರೆದು ನೋಡಿದ್ದರು ಕೂಡ. ಆದರೆ ಅದರಲ್ಲಿ 'ಕಾಪಿರೈಟ್' ಎಂಬ ಪದ ಕಂಡೊಡನೆ ಗಾಬರಿಯಾಗಿ, ಇದೇನೋ ದಂಡ ಕಟ್ಟುವ ವಿಷಯವಿರಬೇಕು ಎಂದುಕೊಂಡು ಮುಚ್ಚಿಟ್ಟಿದ್ದರು. ಮದುವೆ, ಉಪನಯನ, ಶಾಲಾ ವಾರ್ಷಿಕೋತ್ಸವಗಳ ವಿಡಿಯೋ ಮಾಡುವ ನನ್ನ ಕೆಲಸದಲ್ಲಿ ಈ ಗಾಬರಿಯನ್ನು ಎಷ್ಟೋ ಸಲ ಕಂಡಿದ್ದೇನೆ. ಸೂಚನೆಯಲ್ಲಿ ಬರೆದಿರುವುದು ನಿಜಕ್ಕೂ ಕಷ್ಟದ ವಿಷಯವಲ್ಲ. ಅದನ್ನು ಚಾನೆಲ್‌ನ ಕಡೆಯಿಂದ ಓದುವ ಬದಲು ನೋಡುಗರ ಕಡೆಯಿಂದ ಓದಬೇಕು, ಅಷ್ಟೇ. ನನಗೇನಾಗುತ್ತದೆ ಎಂದು ಕೇಳುವುದಕ್ಕಿಂತ ಮೊದಲು ಯಾವ ಊರಿನಲ್ಲಿ ಕುಳಿತ ಯಾರಿಗೆ ಇದು ಕಾಣುವುದಿಲ್ಲ ಎಂದು ಕೇಳಿಕೊಂಡರೆ ಪ್ರತಿ ಸಾಲಿಗೂ ಅರ್ಥ ಹುಟ್ಟುತ್ತದೆ. ಆ ಒಂದೇ ವಿಡಿಯೋವನ್ನು ಇಟ್ಟುಕೊಂಡು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ಬಂದಿರುವುದು ಕ್ಲೈಮೋ, ಸ್ಟ್ರೈಕೋ?

ಇವೆರಡೂ ಬೇರೆ ಬೇರೆ. ಯೂಟ್ಯೂಬ್ 2007ರಿಂದ ಕಂಟೆಂಟ್ ಐಡಿ ಎಂಬ ಒಂದು ಗುರುತು ಹಿಡಿಯುವ ವ್ಯವಸ್ಥೆಯನ್ನು ನಡೆಸುತ್ತಿದೆ. ಸಂಗೀತ ಕಂಪನಿಗಳು, ಚಿತ್ರ ನಿರ್ಮಾಪಕರು, ವಾಹಿನಿಗಳು ತಮ್ಮ ಹಾಡು ಮತ್ತು ದೃಶ್ಯಗಳ ಮಾದರಿಯನ್ನು ಅಲ್ಲಿ ಒಪ್ಪಿಸಿರುತ್ತಾರೆ. ನಾವು ಏರಿಸುವ ಪ್ರತಿ ವಿಡಿಯೋವನ್ನೂ ಯಂತ್ರ ಆ ಮಾದರಿಗಳ ಜೊತೆ ಹೋಲಿಸಿ ನೋಡುತ್ತದೆ. ಎಲ್ಲಾದರೂ ಹೊಂದಿಕೆಯಾದರೆ ಆ ಹಾಡಿನ ಒಡೆಯರು ಮೊದಲೇ ಹೇಳಿಟ್ಟ ನಿಯಮ ತಾನಾಗಿಯೇ ನಮ್ಮ ವಿಡಿಯೋಗೆ ಅಂಟಿಕೊಳ್ಳುತ್ತದೆ. ಇದು ಕ್ಲೈಮು. ಇದರಿಂದ ಚಾನೆಲ್‌ಗೆ ಕಪ್ಪುಚುಕ್ಕೆ ಬೀಳುವುದಿಲ್ಲ, ಯಾರೂ ನಮ್ಮನ್ನು ನ್ಯಾಯಾಲಯಕ್ಕೆ ಕರೆದಿಲ್ಲ.

ಸ್ಟ್ರೈಕ್ ಬರುವುದು ಬೇರೆ ದಾರಿಯಲ್ಲಿ. ಹಕ್ಕಿನ ಒಡೆಯರು ಕಾನೂನಿನ ಪ್ರಕಾರ ಅರ್ಜಿ ಕೊಟ್ಟು 'ಈ ವಿಡಿಯೋ ತೆಗೆಯಿರಿ' ಎಂದು ಕೇಳಿದಾಗ ಯೂಟ್ಯೂಬ್ ಅದನ್ನು ತೆಗೆದು ಚಾನೆಲ್‌ಗೆ ಸ್ಟ್ರೈಕ್ ಹಾಕುತ್ತದೆ. 90 ದಿನಗಳೊಳಗೆ ಅಂಥ 3 ಸ್ಟ್ರೈಕ್ ಸೇರಿದರೆ ಚಾನೆಲ್ ಅನ್ನೇ ಮುಚ್ಚಬಹುದು. ಹಾಗಾಗಿ ಸೂಚನೆ ಬಂದ ಕೂಡಲೇ ಕಣ್ಣು ಹಾಯಿಸಬೇಕಾದದ್ದು ಚಾನೆಲ್ ಮೇಲಿನ ಪರಿಣಾಮವನ್ನು ಹೇಳುವ ಸಾಲಿನ ಕಡೆಗೆ. ಕ್ಲೈಮು ಮಾತ್ರ ಆಗಿದ್ದರೆ ಚಾನೆಲ್‌ಗೆ ತೊಂದರೆಯಿಲ್ಲ ಎಂದೇ ಅಲ್ಲಿ ಬರೆದಿರುತ್ತದೆ. ಆ ತಂದೆಗೆ ನಾನು ಮೊದಲು ಓದಿ ಹೇಳಿದ್ದೂ ಅದನ್ನೇ. ಅವರ ಉಸಿರು ಅರ್ಧ ಅಲ್ಲಿಯೇ ಇಳಿಯಿತು.

ಎರಡನೆಯ ಹೆಜ್ಜೆ: ಇಮೇಲ್ ಬಿಟ್ಟು ಸ್ಟುಡಿಯೋದೊಳಗೆ ಹೋಗಿ

ಇಮೇಲ್‌ನಲ್ಲಿ ಇರುವುದು ಸಾರಾಂಶ ಮಾತ್ರ. ಪೂರ್ತಿ ವಿವರ ಇರುವುದು ಯೂಟ್ಯೂಬ್ ಸ್ಟುಡಿಯೋದಲ್ಲಿ. ಮೊಬೈಲ್‌ಗಿಂತ ಕಂಪ್ಯೂಟರಿನಲ್ಲಿ ತೆರೆದರೆ ಒಳ್ಳೆಯದು, ಪಟ್ಟಿ ಪೂರ್ತಿಯಾಗಿ ಕಾಣುತ್ತದೆ. studio.youtube.com ಗೆ ಹೋಗಿ ಎಡಗಡೆಯ Content ಒತ್ತಿದರೆ ವಿಡಿಯೋಗಳ ಪಟ್ಟಿ ಬರುತ್ತದೆ. ಅದರಲ್ಲಿ Restrictions ಎಂಬ ಕಾಲಂ ಇದೆ. ಕ್ಲೈಮು ಬಂದ ವಿಡಿಯೋದ ಮುಂದೆ ಅಲ್ಲಿ Copyright ಎಂದು ಬರೆದಿರುತ್ತದೆ. ಅದರ ಮೇಲೆ ಮೌಸ್ ಇಟ್ಟರೆ ಒಂದು ಪುಟ್ಟ ಚೌಕ ತೆರೆದುಕೊಳ್ಳುತ್ತದೆ, ಅದರಲ್ಲಿನ ಲಿಂಕ್ ಒತ್ತಿದರೆ ವಿವರದ ಪುಟ. ಸ್ಟುಡಿಯೋದ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಂಡವರಿಗೆ ಈ ಪದಗಳು ಕನ್ನಡದಲ್ಲಿ ಕಾಣುತ್ತವೆ, ಜಾಗ ಮಾತ್ರ ಅದೇ.

ವಿವರದ ಪುಟದಲ್ಲಿ ಪ್ರತಿ ಕ್ಲೈಮಿಗೂ ಒಂದೊಂದು ಸಾಲು. ಪ್ರತಿ ಸಾಲಿನಲ್ಲಿ ನಾಲ್ಕು ಸಂಗತಿಗಳನ್ನು ಹುಡುಕಿ: ಯಾವ ಹಾಡು ಅಥವಾ ದೃಶ್ಯ ಎಂದು ಗುರುತಿಸಿದ್ದಾರೆ, ನಮ್ಮ ವಿಡಿಯೋದ ಎಷ್ಟನೇ ನಿಮಿಷದಿಂದ ಎಷ್ಟನೇ ನಿಮಿಷದವರೆಗೆ, ಹಕ್ಕು ಕೇಳುತ್ತಿರುವವರು ಯಾರು, ಮತ್ತು ವಿಡಿಯೋ ಮೇಲಿನ ಪರಿಣಾಮವೇನು. ನಮ್ಮ ವಿಡಿಯೋದಲ್ಲಿ ಇದ್ದದ್ದು ಮೂರು ಸಾಲು. ನಾನು ಯಾವಾಗಲೂ ಮಾಡುವಂತೆ ಒಂದು ಹಾಳೆಯಲ್ಲಿ ಬರೆದುಕೊಂಡೆ:

0:00 ರಿಂದ 1:35, ದಾಸರ ಪದ, ಜಾಹೀರಾತಿನ ಹಣ ಒಡೆಯರಿಗೆ.
9:10 ರಿಂದ 12:25, ಆರತಕ್ಷತೆಯ ಕುಣಿತ, ಚಿತ್ರಗೀತೆ, ಕೆಲವು ದೇಶಗಳಲ್ಲಿ ತಡೆ.
15:02 ರಿಂದ 15:50, ವಾಲಗ, ಜಾಹೀರಾತಿನ ಹಣ ಒಡೆಯರಿಗೆ.

ಹೀಗೆ ಬರೆದುಕೊಂಡರೆ ಅರ್ಧ ಗೊಂದಲ ಕರಗುತ್ತದೆ. ಮ್ಯೂನಿಕ್‌ನಲ್ಲಿ ಪರದೆ ಕಪ್ಪಾದದ್ದು ಎರಡನೆಯ ಸಾಲಿನಿಂದ. ಉಳಿದ ಎರಡಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಇಲ್ಲಿ ಒಂದು ಮಾತು ನೆನಪಿಡಬೇಕು: ಒಂದೇ ವಿಡಿಯೋ ಮೇಲೆ ಹಲವು ಕ್ಲೈಮುಗಳಿದ್ದು ಅವುಗಳ ನಿಯಮ ಬೇರೆ ಬೇರೆಯಾಗಿದ್ದರೆ, ಆಯಾ ದೇಶದಲ್ಲಿ ಎಲ್ಲಕ್ಕಿಂತ ಬಿಗಿಯಾದ ನಿಯಮವೇ ನಡೆಯುತ್ತದೆ. ಎರಡು ಸಾಲು 'ನೋಡಲಿ ಬಿಡಿ' ಎಂದು, ಒಂದು ಸಾಲು 'ಬೇಡ' ಎಂದರೆ, ಬೇಡ ಎಂದದ್ದೇ ಗೆಲ್ಲುತ್ತದೆ. ಅದೂ ಆ ಮೂರು ನಿಮಿಷಕ್ಕೆ ಮಾತ್ರವಲ್ಲ, ಇಡೀ ವಿಡಿಯೋಗೆ. ಮುಹೂರ್ತ, ಧಾರೆ, ಸಪ್ತಪದಿ ಎಲ್ಲವೂ ಮ್ಯೂನಿಕ್‌ನ ಅತ್ತೆಗೆ ಕಾಣದೆ ಹೋದದ್ದು ಒಂದು ಕುಣಿತದ ಹಾಡಿಗಾಗಿ.

ಮೂರನೆಯ ಹೆಜ್ಜೆ: ಪ್ರತಿ ನಿರ್ಬಂಧವನ್ನೂ ನೋಡುಗರ ಕಣ್ಣಿನಿಂದ ಓದಿ

ಹಕ್ಕಿನ ಒಡೆಯರಿಗೆ ಇರುವ ಮೂಲ ಆಯ್ಕೆಗಳು ಮೂರೇ: ಜಾಹೀರಾತಿನ ಹಣ ತೆಗೆದುಕೊಳ್ಳುವುದು, ಸುಮ್ಮನೆ ಎಷ್ಟು ಜನ ನೋಡಿದರೆಂದು ಲೆಕ್ಕ ಇಟ್ಟುಕೊಳ್ಳುವುದು, ತಡೆಯುವುದು. ಇವನ್ನು ದೇಶಕ್ಕೊಂದರಂತೆ ಬೇರೆ ಬೇರೆಯಾಗಿ ಹಚ್ಚಬಹುದು. ಸೂಚನೆಯಲ್ಲಿ ಬರುವ ಬಗೆಬಗೆಯ ಮಾತುಗಳೆಲ್ಲ ಈ ಮೂರರಿಂದಲೇ ಹುಟ್ಟಿದವು.

ಹಣ ಒಡೆಯರಿಗೆ ಹೋಗುತ್ತದೆ ಎಂದಿದ್ದರೆ ನೋಡುಗರ ಪಾಲಿಗೆ ಏನೂ ಕೆಟ್ಟಿಲ್ಲ. ವಿಡಿಯೋ ಎಂದಿನಂತೆ ಓಡುತ್ತದೆ, ಮುಂದೆಯೋ ಮಧ್ಯದಲ್ಲೋ ಜಾಹೀರಾತು ಬರಬಹುದು. ಸೂಚನೆಯಲ್ಲಿ ನಿಮ್ಮ ವಿಡಿಯೋದಿಂದ ನಿಮಗೆ ಆದಾಯ ಬರುವುದಿಲ್ಲ ಎಂದು ಬರೆದದ್ದನ್ನು ಓದಿ ಜನ ಹೆದರುತ್ತಾರೆ. ಮದುವೆ ವಿಡಿಯೋದಿಂದ ಹಣ ಮಾಡುವ ಉದ್ದೇಶವೇ ಇಲ್ಲದವರಿಗೆ ಆ ಸಾಲಿನಿಂದ ಕಳೆದುಹೋಗುವುದು ಏನೂ ಇಲ್ಲ. ಇನ್ನೊಂದು ತಪ್ಪು ತಿಳಿವಳಿಕೆ: ಜಾಹೀರಾತು ಬಂತೆಂದರೆ ಯಾರೋ ಕ್ಲೈಮು ಹಾಕಿದ್ದಾರೆ ಎಂದುಕೊಳ್ಳುವುದು. ಹಾಗೇನೂ ಇಲ್ಲ. ಕ್ಲೈಮು ಇಲ್ಲದ, ಆದಾಯದ ಯೋಜನೆಗೆ ಸೇರದ ಚಾನೆಲ್‌ಗಳ ವಿಡಿಯೋಗಳ ಮೇಲೂ ಯೂಟ್ಯೂಬ್ ತಾನೇ ಜಾಹೀರಾತು ಹಾಕಬಹುದು. ಲೆಕ್ಕ ಮಾತ್ರ ಇಡುವ ಕ್ಲೈಮಂತೂ ನೋಡುಗರಿಗೆ ತಿಳಿಯುವುದೇ ಇಲ್ಲ.

ಕೆಲವು ದೇಶಗಳಲ್ಲಿ ತಡೆ ಎಂಬುದೇ ನಿಧಾನವಾಗಿ ಓದಬೇಕಾದ ಸಾಲು. ಅಲ್ಲಿ ಸಂಖ್ಯೆಯನ್ನು ನೋಡಿ ಸುಮ್ಮನಾಗಬೇಡಿ, ದೇಶಗಳ ಪಟ್ಟಿಯನ್ನು ತೆರೆದು ಹೆಸರುಗಳನ್ನು ಓದಿ. ಈ ಎಣಿಕೆ ದೇಶಗಳದ್ದಷ್ಟೇ ಅಲ್ಲ, ಭೂಪ್ರದೇಶಗಳದ್ದು. ಅಂತರರಾಷ್ಟ್ರೀಯ ಸಂಕೇತಗಳ ಪಟ್ಟಿಯಲ್ಲಿ 249 ಭೂಪ್ರದೇಶಗಳಿವೆ. ಅದರಲ್ಲಿ ಅಂಟಾರ್ಕ್ಟಿಕಾ ಇದೆ, ಜನರೇ ಇಲ್ಲದ ಹಿಮದ್ವೀಪಗಳೂ ಇವೆ. ಹಾಗಾಗಿ ನೂರಕ್ಕೂ ಹೆಚ್ಚು ಕಡೆ ತಡೆ ಎಂದಿದ್ದರೂ ನಿಮ್ಮ ಬಳಗದ ಒಬ್ಬರಿಗೂ ತೊಂದರೆಯಾಗದೆ ಇರಬಹುದು. ಒಂದೇ ಕಡೆ ತಡೆ ಎಂದಿದ್ದು ಆ ಒಂದು ಭಾರತವೇ ಆಗಿದ್ದರೆ ನೆಂಟರಿಷ್ಟರೆಲ್ಲ ಹೊರಗುಳಿಯುತ್ತಾರೆ. ನೋಡಬೇಕಾದವರು ಯಾವ ಯಾವ ದೇಶದಲ್ಲಿದ್ದಾರೆ ಎಂದು ಮೊದಲು ಕೇಳಿ ಬರೆದುಕೊಂಡು ಆಮೇಲೆ ಪಟ್ಟಿ ನೋಡುವುದು ನನ್ನ ರೂಢಿ. ಈ ಮದುವೆಗೆ ನನ್ನ ಹಾಳೆಯಲ್ಲಿ ಇದ್ದದ್ದು ಭಾರತ, ಜರ್ಮನಿ, ಅಮೆರಿಕ ಮತ್ತು ಯುಎಇ. ಪಟ್ಟಿಯಲ್ಲಿ ಸಿಕ್ಕಿದ್ದು ಜರ್ಮನಿಯೊಂದೇ.

ದೇಶದಿಂದ ದೇಶಕ್ಕೆ ಹೀಗೆ ಯಾಕೆ ಬದಲಾಗುತ್ತದೆ? ಒಂದೇ ಹಾಡಿನ ಹಕ್ಕು ಭಾರತದಲ್ಲಿ ಒಬ್ಬರ ಕೈಯಲ್ಲಿ, ಹೊರದೇಶಗಳಲ್ಲಿ ಇನ್ನೊಬ್ಬರ ಕೈಯಲ್ಲಿ ಇರಬಹುದು. ಒಬ್ಬರು ಹಣ ಸಾಕು ಎನ್ನುತ್ತಾರೆ, ಮತ್ತೊಬ್ಬರು ತಡೆಯಿರಿ ಎನ್ನುತ್ತಾರೆ. ಕೆಲವೊಮ್ಮೆ ಒಪ್ಪಂದವೇ ಇರುವುದಿಲ್ಲ. ಜರ್ಮನಿಯಲ್ಲಿ ಸಂಗೀತ ರಚನಕಾರರ ಸಂಘವಾದ ಗೇಮಾಗೂ ಯೂಟ್ಯೂಬ್‌ಗೂ 2009ರಲ್ಲಿ ಒಪ್ಪಂದ ಮುರಿದು ಬಿದ್ದು, 2016ರ ನವೆಂಬರ್‌ನಲ್ಲಿ ಸರಿಹೋಗುವವರೆಗೆ ಅಲ್ಲಿಯವರಿಗೆ ಅಸಂಖ್ಯ ಹಾಡುಗಳು ಕಾಣುತ್ತಲೇ ಇರಲಿಲ್ಲ. ಆ ಕಾಲದಲ್ಲಿ ಅಲ್ಲಿದ್ದ ನಮ್ಮವರಿಗೆ ಕಪ್ಪು ಪರದೆ ಹೊಸದೇನೂ ಆಗಿರಲಿಲ್ಲ.

ತಡೆ ಕೆಲಸ ಮಾಡುವುದು ನೋಡುಗರು ಎಲ್ಲಿ ಕುಳಿತು ನೋಡುತ್ತಿದ್ದಾರೆ ಎಂಬುದರ ಮೇಲೆ. ಖಾತೆ ಯಾವ ದೇಶದ್ದು, ವಿಡಿಯೋ ಎಲ್ಲಿಂದ ಏರಿತು ಎಂಬುದರ ಮೇಲಲ್ಲ. ಹಾಸನದ ಖಾತೆಯನ್ನೇ ಇಟ್ಟುಕೊಂಡು ಮ್ಯೂನಿಕ್‌ನಲ್ಲಿ ತೆರೆದರೂ ಕಪ್ಪು ಪರದೆಯೇ. ರಜೆಗೆ ಊರಿಗೆ ಬಂದವರಿಗೆ ಇಲ್ಲಿ ಕಂಡ ವಿಡಿಯೋ ವಾಪಸ್ ಹೋದ ಮೇಲೆ ಕಾಣುವುದಿಲ್ಲ. ಅದೇ ಕಾರಣಕ್ಕೆ ನೀವು ಹಾಸನದಲ್ಲಿ ಕುಳಿತು ಎಷ್ಟು ಸಲ ಪರೀಕ್ಷಿಸಿದರೂ ಮ್ಯೂನಿಕ್‌ನ ಸ್ಥಿತಿ ನಿಮಗೆ ಗೊತ್ತಾಗುವುದಿಲ್ಲ.

ಎಲ್ಲೆಡೆ ತಡೆ ಎಂದರೆ ಹೇಳುವುದೇ ಬೇಡ, ಲಿಂಕ್ ಇದ್ದರೂ ಯಾರಿಗೂ ಓಡುವುದಿಲ್ಲ. ಶಾರ್ಟ್ಸ್ ಮಾಡುವವರು ಮಾತ್ರ ಇಲ್ಲಿ ಹೆಚ್ಚು ಎಚ್ಚರವಾಗಿರಬೇಕು. 2024ರ ಅಕ್ಟೋಬರ್‌ನಲ್ಲಿ ಶಾರ್ಟ್ಸ್‌ನ ಮಿತಿಯನ್ನು 3 ನಿಮಿಷಕ್ಕೆ ಏರಿಸಿದಾಗ ಯೂಟ್ಯೂಬ್ ಒಂದು ನಿಯಮವನ್ನೂ ಜೊತೆಗೆ ತಂದಿತು: 1 ನಿಮಿಷಕ್ಕಿಂತ ಉದ್ದವಾದ ಶಾರ್ಟ್ಸ್ ಮೇಲೆ ಕಂಟೆಂಟ್ ಐಡಿ ಕ್ಲೈಮು ಬಂದರೆ, ಒಡೆಯರ ನಿಯಮ ಏನೇ ಇರಲಿ, ಅದು ಎಲ್ಲೆಡೆ ತಡೆಯಾಗುತ್ತದೆ. ಉದ್ದದ ವಿಡಿಯೋದಲ್ಲಿ ಬರಿ ಜಾಹೀರಾತಿನಲ್ಲಿ ಮುಗಿಯುತ್ತಿದ್ದ ಹಾಡು ಅಲ್ಲಿ ವಿಡಿಯೋವನ್ನೇ ನುಂಗಿಬಿಡುತ್ತದೆ.

ಕೊನೆಯದು, ಕೆಲವು ವೇದಿಕೆಗಳಲ್ಲಿ ತಡೆ. ಇದು ದೇಶದ ಮಾತಲ್ಲ, ಯಾವುದರಲ್ಲಿ ನೋಡುತ್ತಿದ್ದಾರೆ ಎಂಬ ಮಾತು. ಕೆಲವು ಸಾಧನ, ಆ್ಯಪ್ ಅಥವಾ ಬೇರೆ ಜಾಲತಾಣಗಳಲ್ಲಿ ವಿಡಿಯೋ ಓಡದೆ, ಯೂಟ್ಯೂಬ್‌ಗೇ ಹೋದರೆ ಓಡುತ್ತದೆ. ಮದುವೆಯ ಆಮಂತ್ರಣದ ಪುಟದಲ್ಲೋ ಶಾಲೆಯ ಜಾಲತಾಣದಲ್ಲೋ ವಿಡಿಯೋ ಅಳವಡಿಸಿದವರಿಗೆ ಇದು ಎದುರಾಗುತ್ತದೆ. ಪರಿಹಾರ ಸುಲಭ: ಅಳವಡಿಸುವ ಬದಲು ಲಿಂಕ್ ಕೊಡಿ.

ನಾಲ್ಕನೆಯ ಹೆಜ್ಜೆ: ನೋಡುಗರ ಪರದೆಯ ಮೇಲಿನ ವಾಕ್ಯವನ್ನು ತರಿಸಿಕೊಳ್ಳಿ

ಸ್ಟುಡಿಯೋ ಹೇಳುವುದನ್ನು ಓದಿದ ಮೇಲೆ ನಾನು ಕಾಣದವರಿಂದ ಒಂದು ಸ್ಕ್ರೀನ್‌ಶಾಟ್ ತರಿಸಿಕೊಳ್ಳುತ್ತೇನೆ. 'ಕಾಣುತ್ತಿಲ್ಲ' ಎಂದು ಎಲ್ಲರೂ ಒಂದೇ ಮಾತಿನಲ್ಲಿ ಹೇಳುತ್ತಾರೆ, ಆದರೆ ಕಪ್ಪು ಪರದೆಯ ಮೇಲಿನ ಸಣ್ಣ ಅಕ್ಷರಗಳು ಒಂದೊಂದು ಸಲ ಒಂದೊಂದು ಕಾರಣ ಹೇಳುತ್ತಿರುತ್ತವೆ. ಮ್ಯೂನಿಕ್‌ನಿಂದ ಬಂದ ಸ್ಕ್ರೀನ್‌ಶಾಟ್‌ನಲ್ಲಿ ಇದ್ದದ್ದು ಇದು, ಒಡೆಯರ ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ:

```
Video unavailable
This video contains content from ____, who has
blocked it in your country on copyright grounds
```

'ನಿಮ್ಮ ದೇಶದಲ್ಲಿ' ಎಂಬ ಅರ್ಥದ in your country ಇದ್ದರೆ ಅದು ದೇಶವಾರು ತಡೆ. ಆ ಮೂರು ಪದಗಳು ಇಲ್ಲದೆ ಉಳಿದದ್ದು ಹಾಗೆಯೇ ಇದ್ದರೆ ಎಲ್ಲೆಡೆ ತಡೆ. ಇದರ ಬದಲು no longer available due to a copyright claim by ಎಂದು ಬಂದರೆ ಅದು ಬೇರೆಯೇ ರೋಗ: ಕಾನೂನಿನ ಅರ್ಜಿಯ ಮೇಲೆ ವಿಡಿಯೋ ತೆಗೆದುಹಾಕಿದ್ದಾರೆ ಎಂದರ್ಥ, ಅಂದರೆ ಸ್ಟ್ರೈಕಿನ ದಾರಿ. ಇಲ್ಲಿ claim ಎಂಬ ಪದ ಇರುವುದರಿಂದ ಎಷ್ಟೋ ಜನ ಇದನ್ನೇ ಸಾದಾ ಕ್ಲೈಮು ಎಂದು ತಿಳಿಯುತ್ತಾರೆ.

ಕಾಪಿರೈಟಿಗೆ ಸಂಬಂಧವೇ ಇಲ್ಲದ ಎರಡು ವಾಕ್ಯಗಳನ್ನೂ ಗುರುತಿಟ್ಟುಕೊಳ್ಳಿ. The uploader has not made this video available in your country ಎಂದರೆ ತಡೆದವರು ಹಾಡಿನ ಒಡೆಯರಲ್ಲ, ಏರಿಸಿದವರೇ. Playback on other websites has been disabled by the video owner ಎಂದರೆ ಬೇರೆ ತಾಣದಲ್ಲಿ ಅಳವಡಿಸುವುದನ್ನು ಚಾನೆಲ್‌ನವರೇ ನಿಲ್ಲಿಸಿದ್ದಾರೆ, ಸ್ಟುಡಿಯೋದಲ್ಲಿ ಒಂದು ಗುರುತು ಹಾಕಿದರೆ ಸರಿಹೋಗುತ್ತದೆ. ಇದು ತಿಳಿಯದೆ ಒಂದು ಇಡೀ ದಿನ ಇಲ್ಲದ ಕ್ಲೈಮನ್ನು ಹುಡುಕುತ್ತಾ ಕುಳಿತಿದ್ದೇನೆ.

ಐದನೆಯ ಹೆಜ್ಜೆ: ಗುರುತಿಸಿದ ಜಾಗವನ್ನು ಕಿವಿಗೊಟ್ಟು ಕೇಳಿ

ಈಗ ಹೆಡ್‌ಫೋನ್ ಹಾಕಿಕೊಂಡು ಪ್ರತಿ ಸಾಲಿನಲ್ಲಿ ಕೊಟ್ಟ ನಿಮಿಷಕ್ಕೆ ಹೋಗಿ ಕೇಳಬೇಕು. ಯಂತ್ರ ಹೇಳಿದ್ದು ನಿಜವೋ ಅಲ್ಲವೋ ತಿಳಿಯುವುದು ಇಲ್ಲಿಯೇ.

ಮೊದಲ ಸಾಲು ಪುರಂದರದಾಸರ ಪದ. "ದಾಸರು ಹೋಗಿ ನಾಲ್ಕೂವರೆ ಶತಮಾನವಾಯಿತು, ಅದರ ಮೇಲೆ ಇವರದೇನು ಹಕ್ಕು?" ಎಂದು ಮದುಮಗಳ ತಂದೆ ಕೇಳಿದರು. ನ್ಯಾಯವಾದ ಪ್ರಶ್ನೆ. ದಾಸರು ಬರೆದ ಸಾಹಿತ್ಯದ ಮೇಲೆ ಯಾರಿಗೂ ಹಕ್ಕಿಲ್ಲ. ನಮ್ಮ 1957ರ ಕಾಯ್ದೆಯಲ್ಲಿ ರಚನೆಯ ಹಕ್ಕು ಬರೆದವರು ತೀರಿಕೊಂಡ ನಂತರ 60 ವರ್ಷಕ್ಕೆ ಮುಗಿಯುತ್ತದೆ. ಆದರೆ ನಾನು ವಿಡಿಯೋದ ಆರಂಭಕ್ಕೆ ಹಾಕಿದ್ದು ಹೆಸರಾಂತ ಗಾಯಕರೊಬ್ಬರ ಧ್ವನಿಮುದ್ರಣ. ಮುದ್ರಣದ ಹಕ್ಕು ಬೇರೆ, ಅದು ಬಿಡುಗಡೆಯಾದಲ್ಲಿಂದ 60 ವರ್ಷ ಇರುತ್ತದೆ. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯಿದೆ: ದಾಸರ ಎಷ್ಟೋ ಪದಗಳನ್ನು ನಾವು ಇಂದು ಹಾಡುವ ರಾಗದ ಧಾಟಿ ಕಳೆದ ಶತಮಾನದ ಸಂಗೀತಗಾರರು ಕೂಡಿಸಿದ್ದು. ಸಾಹಿತ್ಯ ಎಲ್ಲರದ್ದಾದರೂ ಆ ಧಾಟಿ ಇನ್ನೂ ಒಬ್ಬರದ್ದಾಗಿರಬಹುದು. ಆದ್ದರಿಂದ ಈ ಕ್ಲೈಮು ಸರಿಯಾಗಿಯೇ ಇತ್ತು. ನೋಡುಗರಿಗೆ ತೊಂದರೆಯೂ ಇರಲಿಲ್ಲ. ಅದನ್ನು ಹಾಗೆಯೇ ಬಿಟ್ಟೆವು.

ಎರಡನೆಯ ಸಾಲಿನಲ್ಲಿ ಡಿಜೆ ಹಾಕಿದ ಚಿತ್ರಗೀತೆ, ಅದೂ ಅನುಮಾನಕ್ಕೆ ಎಡೆಯಿಲ್ಲದಂತೆ ಸ್ಪಷ್ಟವಾಗಿ ಕೇಳುತ್ತಿತ್ತು. ಇಲ್ಲಿ ಪ್ರತಿ ಮದುವೆ ಮನೆಯವರೂ ಹೇಳುವ ಮಾತೊಂದಿದೆ: ಮದುವೆಯಲ್ಲಿ ಹಾಡು ಹಾಕಲು ಅನುಮತಿ ಬೇಡವಂತಲ್ಲ? ನಿಜ, ಕಾಯ್ದೆಯ 52ನೇ ಕಲಂ ಧಾರ್ಮಿಕ ಸಮಾರಂಭಗಳಿಗೂ ಮದುವೆಯ ಮೆರವಣಿಗೆ ಮತ್ತು ಅದಕ್ಕೆ ಸಂಬಂಧಿಸಿದ ಸಂಭ್ರಮಗಳಿಗೂ ಆ ವಿನಾಯಿತಿ ಕೊಡುತ್ತದೆ. ಆದರೆ ಅದು ಛತ್ರದಲ್ಲಿ ಹಾಡು ಹಾಕುವುದಕ್ಕೆ ಸಿಕ್ಕ ವಿನಾಯಿತಿ. ಆ ಹಾಡಿರುವ ವಿಡಿಯೋವನ್ನು ಲೋಕವೆಲ್ಲ ನೋಡುವ ತಾಣಕ್ಕೆ ಏರಿಸುವುದು ಬೇರೆ ಕೆಲಸ, ಅದೂ ಜರ್ಮನಿಯಲ್ಲಿ ಅಲ್ಲಿಯ ಹಕ್ಕಿನ ಲೆಕ್ಕ ನಡೆಯುತ್ತದೆ. ಈ ಕಲಂ ಒಂದನ್ನೇ ನಂಬಿ ಆಕ್ಷೇಪಣೆ ಹಾಕಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಮೂರನೆಯ ಸಾಲು ನನ್ನನ್ನು ಕೆರಳಿಸಿತು. 15:02ರಲ್ಲಿ ಇದ್ದದ್ದು ನಮ್ಮ ವಾಲಗದವರು ಛತ್ರದ ಜಗಲಿಯ ಮೇಲೆ ಕುಳಿತು ನುಡಿಸಿದ ತ್ಯಾಗರಾಜರ ಕೃತಿ. ನಾನೇ ಮೈಕ್ ಹಿಡಿದು ಮುದ್ರಿಸಿದ್ದು. ತ್ಯಾಗರಾಜರು ತೀರಿಕೊಂಡದ್ದು 1847ರಲ್ಲಿ. ಸೂಚನೆಯಲ್ಲಿ ಮಾತ್ರ ಯಾವುದೋ ನಾಗಸ್ವರದ ಆಲ್ಬಮ್‌ನ ಹೆಸರಿತ್ತು. ಆ ಆಲ್ಬಮ್ಮನ್ನು ತೆರೆದು ಎರಡನ್ನೂ ಒಂದರ ಪಕ್ಕ ಒಂದು ಕೇಳಿದೆ. ಕೃತಿ ಒಂದೇ, ಆದರೆ ಶ್ರುತಿ ಬೇರೆ, ತಾಳದ ನಡೆ ಬೇರೆ. ನಮ್ಮದರಲ್ಲಿ ಡೋಲಿನ ಹಿಂದೆ ಮಗುವೊಂದು ಅಳುವುದೂ ಕೇಳುತ್ತದೆ. ಕಂಟೆಂಟ್ ಐಡಿ ಧ್ವನಿಮುದ್ರಣವನ್ನಷ್ಟೇ ಅಲ್ಲ, ಧಾಟಿಯನ್ನೂ ಹೋಲಿಸಬಲ್ಲದು. ಸಾಂಪ್ರದಾಯಿಕ ಕೃತಿಗಳಲ್ಲಿ ಯಂತ್ರ ಎಡವುವುದು ಹೆಚ್ಚಾಗಿ ಇಲ್ಲಿಯೇ. ನಮ್ಮ ಊರಿನ ಕಲಾವಿದರು ನುಡಿಸಿದ್ದನ್ನು ಇನ್ಯಾರದೋ ಆಲ್ಬಮ್ ಎಂದು ಕರೆದಾಗ, ನೋಡುಗರಿಗೆ ತೊಂದರೆಯಿಲ್ಲದಿದ್ದರೂ ಸುಮ್ಮನಿರುವುದು ನನಗೆ ಸರಿಯೆನಿಸುವುದಿಲ್ಲ.

ಆರನೆಯ ಹೆಜ್ಜೆ: ಸಾಲಿಗೆ ತಕ್ಕ ಕ್ರಮ

ಸರಿಯಾದ ಕ್ಲೈಮಿಗೆ ಒಂದು ದಾರಿ, ತಪ್ಪಾದ ಕ್ಲೈಮಿಗೆ ಇನ್ನೊಂದು. ಇವನ್ನು ಅದಲುಬದಲು ಮಾಡಿಕೊಂಡರೆ ಇಲ್ಲದ ಸ್ಟ್ರೈಕನ್ನು ನಾವೇ ಕರೆದಂತೆ.

ಸರಿಯಾದ ಕ್ಲೈಮಿನಿಂದ ತಡೆ ಉಂಟಾಗಿದ್ದರೆ, ಆ ಸಾಲಿನ ಮುಂದಿರುವ ಆಯ್ಕೆಗಳಲ್ಲಿ ಮೂರು ಸಿಗುತ್ತವೆ: ಆ ಭಾಗವನ್ನೇ ಕತ್ತರಿಸುವುದು, ಹಾಡನ್ನು ಅಳಿಸುವುದು ಅಥವಾ ಸದ್ದು ನಿಲ್ಲಿಸುವುದು, ಬೇರೆ ಹಾಡು ಹಾಕುವುದು. ಇದರ ದೊಡ್ಡ ಅನುಕೂಲ ಲಿಂಕ್ ಬದಲಾಗದೆ ಇರುವುದು, ಈಗಾಗಲೇ ನೂರಾರು ಜನಕ್ಕೆ ಹೋದ ವಾಟ್ಸ್ಆ್ಯಪ್ ಸಂದೇಶ ಹಾಗೆಯೇ ಕೆಲಸ ಮಾಡುತ್ತದೆ. ಶುರು ಮಾಡುವ ಮೊದಲು ಮೂಲ ವಿಡಿಯೋ ನಿಮ್ಮ ಹಾರ್ಡ್‌ಡಿಸ್ಕಿನಲ್ಲಿದೆಯೇ ಎಂದು ನೋಡಿಕೊಳ್ಳಿ.

ಕತ್ತರಿಸಿದ್ದರೆ ಕುಣಿತದ ಮೂರು ನಿಮಿಷವೇ ಹೋಗುತ್ತಿತ್ತು, ಮನೆಯವರು ಒಪ್ಪಲಿಲ್ಲ. ಹಾಡನ್ನು ಮಾತ್ರ ಅಳಿಸಿ ಮಾತು, ನಗು ಉಳಿಸುವ ಆಯ್ಕೆಯನ್ನು ಮೊದಲು ನೋಡಿದೆ. ಒಬ್ಬರು ಮಾತನಾಡುವಾಗ ಹಿಂದೆ ಮೆಲ್ಲಗೆ ಹಾಡು ಕೇಳುವಂಥ ಕಡೆ ಇದು ಚೆನ್ನಾಗಿ ನಡೆಯುತ್ತದೆ. ಡಿಜೆಯ ಅಬ್ಬರದ ಮುಂದೆ ಕೈಸೋತಿತು, ಉಳಿದ ಸದ್ದು ನೀರಿನೊಳಗಿಂದ ಬಂದಂತಿತ್ತು. ಕೊನೆಗೆ ಯೂಟ್ಯೂಬ್‌ನದೇ ಆಡಿಯೋ ಲೈಬ್ರರಿಯಿಂದ ಹೆಜ್ಜೆಗೆ ಹತ್ತಿರವಾದ ಲಯದ ಒಂದು ವಾದ್ಯಸಂಗೀತ ಆರಿಸಿ, 9:10ರಿಂದ 12:25ರವರೆಗೆ ಕೂರಿಸಿದೆ. ಇಂಥ ಬದಲಾವಣೆ ಪೂರ್ತಿಯಾಗಲು ಕೆಲವು ಗಂಟೆಗಳೇ ಬೇಕಾಗಬಹುದು. ಅದು ಮುಗಿಯುವವರೆಗೆ ನೋಡುಗರಿಗೆ ಹಳೆಯದೇ ಕಾಣುತ್ತಿರುತ್ತದೆ, ಕ್ಲೈಮೂ ಇರುತ್ತದೆ. ಮುಗಿದ ಮೇಲೆ ಪಟ್ಟಿಯಿಂದ ಆ ಸಾಲು ಮಾಯವಾದರೆ ಕೆಲಸ ಆಯಿತೆಂದು ತಿಳಿಯಿರಿ.

ತಪ್ಪಾದ ಕ್ಲೈಮಿಗೆ ಇರುವುದು Dispute, ಅಂದರೆ ಆಕ್ಷೇಪಣೆ. ಕಾರಣ ಆರಿಸಿ, ನಿಮ್ಮ ಮಾತಿನಲ್ಲಿ ವಿವರ ಬರೆಯಬೇಕು. 'ಹಾಡು ನನ್ನದಲ್ಲ, ಹಣ ಮಾಡುತ್ತಿಲ್ಲ, ಹೆಸರು ಹಾಕಿದ್ದೇನೆ' ಎಂಬುದು ಯಾವುದೂ ಕಾರಣವಾಗುವುದಿಲ್ಲ. ವಾಲಗದ ಸಾಲಿಗೆ ನಾನು ಬರೆದದ್ದು ಇಷ್ಟೇ: ಈ ಕೃತಿಯ ರಚನಕಾರರು 1847ರಲ್ಲಿ ತೀರಿಕೊಂಡವರು. ಇದು ಮದುವೆ ಸ್ಥಳದಲ್ಲಿ ನಾವೇ ಮಾಡಿದ ನೇರ ಮುದ್ರಣ. ನೀವು ಹೆಸರಿಸಿದ ಮುದ್ರಣಕ್ಕೂ ಇದಕ್ಕೂ ಶ್ರುತಿ ಬೇರೆ, 15:21ರಲ್ಲಿ ಸಭೆಯ ಸದ್ದು ಕೇಳುತ್ತದೆ. ಓದುವವರು ಆ ಸೆಕೆಂಡಿಗೆ ಹೋಗಿ ಕೇಳಿದರೆ ಸಾಕು, ವಾದವೇ ಬೇಡ. ಕಲಾವಿದರ ಒಪ್ಪಿಗೆಯನ್ನೂ ಮೊದಲೇ ಬರಹದಲ್ಲಿ ಪಡೆದಿದ್ದೆ.

ಆಕ್ಷೇಪಣೆ ಹೋಗುವುದು ಯೂಟ್ಯೂಬ್‌ನವರ ಮುಂದಕ್ಕಲ್ಲ, ಹಕ್ಕು ಕೇಳಿದವರ ಮುಂದಕ್ಕೇ. ಅವರಿಗೆ 30 ದಿನಗಳ ಸಮಯ. ಅಷ್ಟರಲ್ಲಿ ಉತ್ತರಿಸದಿದ್ದರೆ ಕ್ಲೈಮು ತಾನಾಗಿ ಬಿದ್ದುಹೋಗುತ್ತದೆ. ಅವರು ಕೈಬಿಡಬಹುದು, ಇಲ್ಲವೇ ಒಪ್ಪದೆ ಎತ್ತಿಹಿಡಿಯಬಹುದು. ಎತ್ತಿಹಿಡಿದರೆ ಮೇಲ್ಮನವಿಗೆ ದಾರಿಯಿದೆ, ಅದಕ್ಕೆ ಅವರು 7 ದಿನಗಳೊಳಗೆ ಉತ್ತರಿಸಬೇಕು. ಆದರೆ ಈ ಹಾದಿಯಲ್ಲಿ ಅವರು ವಿಡಿಯೋ ತೆಗೆಯುವಂತೆ ಕಾನೂನಿನ ಅರ್ಜಿಯನ್ನೂ ಕೊಡಬಹುದು. ಆಗ ಬರುವುದೇ ಸ್ಟ್ರೈಕ್, ಆಗ ಯಾವ ದೇಶದವರಿಗೂ ವಿಡಿಯೋ ಕಾಣುವುದಿಲ್ಲ. ಅದಕ್ಕೇ ಹೇಳುವುದು: ಕಿವಿಗೊಟ್ಟು ಕೇಳಿ ತಪ್ಪೆಂದು ಖಾತ್ರಿಯಾದ ಸಾಲಿಗೆ ಮಾತ್ರ ಆಕ್ಷೇಪಣೆ. ಚಿತ್ರಗೀತೆಯ ಸಾಲಿಗೂ ಒಂದು ಕಲ್ಲು ಹೊಡೆದು ನೋಡೋಣ ಎಂದು ಹೋಗಬೇಡಿ.

ಮುಂದಿನ ಮದುವೆಗಳಿಗೆ ನಾನು ಮಾಡಿಕೊಂಡ ಒಂದು ಬದಲಾವಣೆಯನ್ನೂ ಹೇಳಿಬಿಡುತ್ತೇನೆ. ವಿಡಿಯೋ ಏರಿಸುವಾಗ ಮೊದಲು ಅದನ್ನು Private ಆಗಿ ಇಡುತ್ತೇನೆ. ಏರಿಸುವ ಹಂತಗಳಲ್ಲಿ Checks ಎಂಬುದೊಂದು ಬರುತ್ತದೆ, ಅಲ್ಲಿಯೇ ಕಾಪಿರೈಟ್ ತಪಾಸಣೆ ನಡೆಯುತ್ತದೆ. ಖಾಸಗಿಯಾಗಿಟ್ಟರೂ, ಲಿಂಕ್ ಇದ್ದವರಿಗೆ ಮಾತ್ರ ಕಾಣುವಂತೆ ಇಟ್ಟರೂ ಯಂತ್ರ ಬಿಡುವುದಿಲ್ಲ, ಅದರಿಂದ ತಪ್ಪಿಸಿಕೊಳ್ಳುವ ಉಪಾಯ ಇದಲ್ಲ. ಆದರೆ ಲಿಂಕ್ ಯಾರ ಕೈಗೂ ಹೋಗುವ ಮೊದಲೇ ನಿರ್ಬಂಧಗಳ ಪಟ್ಟಿ ನನ್ನ ಕೈಗೆ ಸಿಗುತ್ತದೆ. ದೇಶಗಳ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಓದುತ್ತೇನೆ. ತಪಾಸಣೆಯಲ್ಲಿ ಏನೂ ಸಿಗದಿದ್ದರೂ ಮುಂದೊಂದು ದಿನ ಯಾರಾದರೂ ಹೊಸ ಮಾದರಿ ಒಪ್ಪಿಸಿದರೆ ಹಳೆಯ ವಿಡಿಯೋ ಮೇಲೂ ಕ್ಲೈಮು ಬರಬಹುದು, ಇದನ್ನು ಮನೆಯವರಿಗೆ ಮೊದಲೇ ತಿಳಿಸಿರುತ್ತೇನೆ.

ಹಾಸನದ ಆ ವಿಡಿಯೋದಲ್ಲಿ ವಾಲಗದ ಕ್ಲೈಮನ್ನು ಹಕ್ಕು ಕೇಳಿದವರು ಹನ್ನೊಂದನೆಯ ದಿನ ಕೈಬಿಟ್ಟರು. ಕುಣಿತದ ಸಾಲು ಹಾಡು ಬದಲಿಸಿದ ಮಾರನೆಯ ದಿನವೇ ಪಟ್ಟಿಯಿಂದ ಹೋಗಿತ್ತು. ಆ ಸಂಜೆ ಮ್ಯೂನಿಕ್‌ನಿಂದ ಅತ್ತೆ ನನಗೇ ಕರೆ ಮಾಡಿದರು. ಧಾರೆಯನ್ನು ಎರಡು ಸಲ ನೋಡಿದ್ದರಂತೆ. "ಕುಣಿತಕ್ಕೆ ಹಾಡು ಬೇರೆ ಇತ್ತಂತಲ್ಲ, ಅಣ್ಣ ಹೇಳಿದ. ಅದನ್ನು ಊರಿಗೆ ಬಂದಾಗ ನಿಮ್ಮ ಸ್ಟುಡಿಯೋದಲ್ಲೇ ನೋಡುತ್ತೇನೆ, ಮೂಲದ್ದನ್ನು ಅಳಿಸಬೇಡಿ" ಎಂದರು. ಅಳಿಸಿಲ್ಲ, ಅದು ಅವರ ಮನೆಯ ಹೆಸರಿನ ಫೋಲ್ಡರಿನಲ್ಲಿದೆ.